ಮೇಲಿನ ಮನೆಯ ಮೇಷ್ಟ್ರಿಗೆ ಬರೆದ ಒಂದು ಪುಟದ ಪತ್ರ

ಹಾಸನದ ವಿದ್ಯಾನಗರದಲ್ಲಿ ನಮ್ಮ ಮನೆ. ಕೆಳಗೆ ನಾನಿದ್ದೇನೆ, ಮೇಲಿನ ಎರಡು ಬೆಡ್‌ರೂಮಿನ ಮನೆ ಬಾಡಿಗೆಗೆ. ಈಗಿರುವುದು ಸರ್ಕಾರಿ ಹೈಸ್ಕೂಲಿನ ಒಬ್ಬ ಮೇಷ್ಟ್ರ ಸಂಸಾರ. ತಿಂಗಳ ಐದನೇ ತಾರೀಕಿನೊಳಗೆ ಬಾಡಿಗೆ ಬಂದುಬಿಡುತ್ತದೆ. ನಲ್ಲಿ ತೊಟ್ಟಿಕ್ಕಿದರೆ ವಾಷರ್ ಅವರೇ ಹಾಕಿಸಿಕೊಳ್ಳುತ್ತಾರೆ. ಬಾಡಿಗೆ 11,000. ಎರಡು ವರ್ಷದಿಂದ ಏರಿಸಿರಲಿಲ್ಲ. ಪಕ್ಕದ ಬೀದಿಯಲ್ಲಿ ಇಂಥದೇ ಮನೆ 13,000ಕ್ಕೆ ಹೋಗಿದೆ ಅಂತ ಗೊತ್ತಾದ ಮೇಲೆ ನನಗೂ ಆಸೆ ಆಯಿತು.

ಆದರೆ ಇವರಿಗಿಂತ ಮುಂಚೆ ಇದ್ದವರ ಜೊತೆ ನಾನೊಂದು ಎಡವಟ್ಟು ಮಾಡಿಕೊಂಡಿದ್ದೆ. ‘ಮುಂದಿನ ತಿಂಗಳಿಂದ ಬಾಡಿಗೆ ಸಾವಿರ ಜಾಸ್ತಿ’ ಅಂತ ಮೊಬೈಲಿನಲ್ಲಿ ಒಂದು ಸಾಲು ಕಳಿಸಿದ್ದೆ, ಅಷ್ಟೇ. ಅವರು ಜಗಳ ಆಡಲಿಲ್ಲ. ಜೂನ್ ಕೊನೆಗೆ ಮನೆ ಖಾಲಿ ಮಾಡಿ ಹೋದರು. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸುವವರು ಯಾರು? ಶ್ರಾವಣದಲ್ಲಿ ಒಂದಿಬ್ಬರು ಬಂದು ನೋಡಿ ಹೋದರು. ಶಾಲೆ ಶುರುವಾಗಿಬಿಟ್ಟಿದ್ದರಿಂದ ಮಕ್ಕಳಿರುವವರು ಬರಲೇ ಇಲ್ಲ. ಆಮೇಲೆ ಪಿತೃಪಕ್ಷ. ದಸರಾ ಹೊತ್ತಿಗೆ ಈ ಮೇಷ್ಟ್ರು ಬಂದರು. ಮೂರು ತಿಂಗಳು ಮನೆಗೆ ಬೀಗ.

ಹಾಗಾಗಿ ಈ ಸಲ ಹಳೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಮೇಷ್ಟ್ರು ಬಿಟ್ಟರೆ ಕಡಿಮೆ ಅಂದರೂ ಎರಡು ತಿಂಗಳು ಖಾಲಿ, 22,000. ಬಣ್ಣಕ್ಕೆ 26,000 ಆಗುತ್ತದೆ, ಅದರಲ್ಲಿ ಒಂದು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸಿನಲ್ಲಿ ಹಿಡಿದುಕೊಂಡರೂ 15,000 ನನ್ನ ಕೈಯಿಂದ. ಬ್ರೋಕರ್‌ಗೆ ಅರ್ಧ ತಿಂಗಳ ಬಾಡಿಗೆ 6,500. ಪ್ಲಂಬರ್, ಎಲೆಕ್ಟ್ರಿಷಿಯನ್ ಸೇರಿ 4,000. ಒಟ್ಟು 47,500. ಮೇಷ್ಟ್ರು 11,500 ಕೊಟ್ಟು ಉಳಿದರೆ, 13,000 ಕೊಡುವ ಹೊಸಬರಿಂದ ನನಗೆ ಸಿಗುವ ಲಾಭ ತಿಂಗಳಿಗೆ 1,500 ಮಾತ್ರ. ಇಬ್ಬರಿಗೂ ವರ್ಷ ವರ್ಷ ಏರಿಸುತ್ತೇವಲ್ಲ, ಅಂತರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಕಳೆದುಕೊಂಡ 47,500 ವಾಪಸ್ ಬರಲು ಎರಡೂವರೆ ವರ್ಷದ ಮೇಲೆ ಬೇಕು. ಬರುವವರು ಹೇಗಿರುತ್ತಾರೋ, ಅದು ಬೇರೆ. ಅಂತರ ತಿಂಗಳಿಗೆ ನಾಲ್ಕೈದು ಸಾವಿರ ಇದ್ದಿದ್ದರೆ ಈ ಲೆಕ್ಕ ತಿರುಗುತ್ತಿತ್ತು, ನಾನೂ ಬೇರೆ ಥರ ಯೋಚಿಸುತ್ತಿದ್ದೆ.

ಇನ್ನೊಂದು ವಿಷಯ ಆಗಲೇ ಕಣ್ಣಿಗೆ ಬಿತ್ತು. 11 ತಿಂಗಳ ಕರಾರು ಪ್ರತಿ ಸಲ ಒಂದು ತಿಂಗಳು ಹಿಂದಕ್ಕೆ ಸರಿಯುತ್ತದೆ. ಅಕ್ಟೋಬರ್ ಒಂದಕ್ಕೆ ಬಂದ ಮೇಷ್ಟ್ರ ನಾಲ್ಕನೇ ಕರಾರು ಮೇ 31ಕ್ಕೆ ಮುಗಿಯುತ್ತಿತ್ತು. ನಮ್ಮೂರಲ್ಲಿ ಮನೆ ಹುಡುಕುವವರು ಜಾಸ್ತಿ ಇರುವುದು ಏಪ್ರಿಲ್, ಮೇನಲ್ಲೇ. ಈಗ ಸರಿಯಾಗಿ ಮೂರು ವರ್ಷಕ್ಕೆ ಬರೆದರೆ ಮುಂದೆ ಮುಗಿಯುವುದೂ ಮೇ 31ಕ್ಕೇ. ಆಷಾಢದ ಕಾಟ ಇಲ್ಲ.

ಪತ್ರ ಬರೆಯುವ ಮುಂಚೆ ಬೆಂಗಳೂರಲ್ಲಿರುವ ಮಗಳಿಗೆ ಫೋನ್ ಮಾಡಿ, ಮೂರು ವರ್ಷದೊಳಗೆ ಮೇಲಿನ ಮನೆ ಬೇಕಾಗುತ್ತದಾ ಅಂತ ಕೇಳಿದೆ. ಬೇಡ ಅಂದಳು. ಮೂರು ವರ್ಷ ಇರಿ ಅಂತ ಹೇಳಿ ಮಧ್ಯದಲ್ಲಿ ಎಬ್ಬಿಸುವುದು ಸರಿಯಲ್ಲ ಅಲ್ವಾ.

ಮಾರ್ಚ್ ಮಧ್ಯದಲ್ಲಿ ಪತ್ರ ಕೊಟ್ಟೆ. ಏಪ್ರಿಲಿನಲ್ಲಿ ಬೇಸಿಗೆ ರಜಕ್ಕೆ ಅವರು ಊರಿಗೆ ಹೋಗುವ ಮುಂಚೆ ಗಂಡ ಹೆಂಡತಿ ಕೂತು ಮಾತಾಡಲಿ ಅಂತ. ಹೀಗಿತ್ತು:

‘ಮೇಷ್ಟ್ರೇ, ನಮಸ್ಕಾರ. ನೀವು ಮನೆಯನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ, ಬಾಡಿಗೆ ಒಮ್ಮೆಯೂ ತಡವಾಗಿಲ್ಲ. ನೀವೇ ಮುಂದುವರಿಯಬೇಕು ಅಂತ ನನ್ನ ಆಸೆ. ಈಗಿನ ಕರಾರು ಮೇ 31ಕ್ಕೆ ಮುಗಿಯುತ್ತದೆ. ಜೂನ್ 1ರಿಂದ ಮೂರು ವರ್ಷಕ್ಕೆ ಒಂದೇ ಕರಾರು ಮಾಡಿಕೊಳ್ಳೋಣ. ಬಾಡಿಗೆ ಮೊದಲ ವರ್ಷ 11,500, ಎರಡನೇ ವರ್ಷ 12,000, ಮೂರನೇ ವರ್ಷ 12,500. ಇದರ ಮೇಲೆ ಮಧ್ಯದಲ್ಲಿ ಏರಿಸುವುದಿಲ್ಲ. ಎರಡು ತಿಂಗಳ ಬಾಡಿಗೆ ಬಾಕಿ ಬಿದ್ದರೆ ಹೊರತು ನಾನು ಮನೆ ಬಿಡಿ ಅನ್ನುವುದಿಲ್ಲ. ನಿಮಗೆ ವರ್ಗಾವಣೆ ಆದರೆ ಆರ್ಡರ್ ಪ್ರತಿ ಕೊಟ್ಟು ಒಂದು ತಿಂಗಳ ಮುಂಚೆ ತಿಳಿಸಿ, ಅಡ್ವಾನ್ಸಿನಲ್ಲಿ ಅದಕ್ಕಾಗಿ ಏನೂ ಹಿಡಿಯುವುದಿಲ್ಲ. ಬೇರೆ ಕಾರಣಕ್ಕೆ ಬಿಟ್ಟರೆ ಎರಡು ತಿಂಗಳ ನೋಟಿಸ್ ಬೇಕು. ಮಳೆಗೆ ಮುಂಚೆ ಬಚ್ಚಲುಮನೆ ಗೋಡೆಯ ಸೋರಿಕೆ ದುರಸ್ತಿ ಮಾಡಿಸುತ್ತೇನೆ. ಯೋಚಿಸಿ ಏಪ್ರಿಲ್ 10ರೊಳಗೆ ತಿಳಿಸಿ. ಒಪ್ಪಿಗೆ ಇಲ್ಲದಿದ್ದರೂ ಬೇಜಾರಿಲ್ಲ, ಕೂತು ಮಾತಾಡೋಣ.’

ಶೇಕಡಾ ಐದು ಅಂತ ಬರೆಯದೆ ರೂಪಾಯಿಯಲ್ಲೇ ಬರೆದಿದ್ದಕ್ಕೆ ಕಾರಣ ಇದೆ. ಐದರಂತೆ ಹೋದರೆ ಮೊದಲ ವರ್ಷ 11,550, ಎರಡನೇ ವರ್ಷ 12,127 ರೂಪಾಯಿ 50 ಪೈಸೆ. ಯಾರಿಗೆ ಬೇಕು? ಮೂರೂ ವರ್ಷದ ಅಂಕಿ ಮುಂದಿದ್ದರೆ ಸಂಬಳದವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳುತ್ತಾರೆ. ವರ್ಗಾವಣೆಯ ಸಾಲು ಇಲ್ಲದಿದ್ದರೆ ಸರ್ಕಾರಿ ನೌಕರರು ಮೂರು ವರ್ಷಕ್ಕೆ ಸಹಿ ಹಾಕಲು ಹೆದರುತ್ತಾರೆ. ಆ ಸಾಲು ಬರೆದರೆ ನನ್ನ ಹಿಡಿತ ಸ್ವಲ್ಪ ಸಡಿಲವಾಗುತ್ತದೆ, ನಿಜ. ಆದರೆ ವರ್ಗಾವಣೆ ಆದವರನ್ನು ನಾನು ಕಟ್ಟಿಹಾಕಲು ಆಗುತ್ತದಾ?

ನಾಲ್ಕು ದಿನ ಸುದ್ದಿಯೇ ಇಲ್ಲ. ಮೆಟ್ಟಿಲಲ್ಲಿ ಎದುರಾದರೂ ಸುಮ್ನೆ ನಕ್ಕು ಹೋಗುತ್ತಿದ್ದರು. ಐದನೇ ದಿನ ಅವರ ಹೆಂಡತಿ ಕಾಫಿ ಹೊತ್ತಿಗೆ ಕೆಳಗೆ ಬಂದು, ‘ಆಂಟಿ, ಅಡ್ವಾನ್ಸ್ ಎಷ್ಟು ಜಾಸ್ತಿ ಆಗುತ್ತೆ?’ ಅಂತ ಕೇಳಿದರು. ಆಗ ಗೊತ್ತಾಯಿತು ತಪ್ಪು ಎಲ್ಲಿ ಅಂತ. ಪತ್ರದಲ್ಲಿ ಅಡ್ವಾನ್ಸಿನ ಮಾತೇ ಇರಲಿಲ್ಲ. ಬಾಡಿಗೆ ಏರಿದರೆ ಅಡ್ವಾನ್ಸೂ ಏರುತ್ತದೆ ಅಂತ ಅವರು ಅಂದುಕೊಂಡು, ಒಟ್ಟಿಗೆ ದುಡ್ಡು ಹೊಂದಿಸುವುದು ಹೇಗೆ ಅಂತ ಚಿಂತೆ ಮಾಡುತ್ತಿದ್ದರು. ‘ಅದೇ 60,000 ಸಾಕಮ್ಮ’ ಅಂದೆ. ಮುಖ ಅರಳಿತು. ಹಾಗೇ ಸೋಲಾರ್ ನೀರು ಸರಿಯಾಗಿ ಕಾಯುತ್ತಿಲ್ಲ, ಅದನ್ನೂ ನೋಡಿಸಿ ಅಂದರು. ಒಪ್ಪಿಕೊಂಡೆ. ಪತ್ರ ಇನ್ನೊಮ್ಮೆ ಬರೆದು ಎರಡೂ ಸಾಲು ಸೇರಿಸಿದೆ.

ಈ ಪತ್ರವೇ ಕರಾರು ಅಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಎಲ್ಲರೂ 11 ತಿಂಗಳಿಗೆ ಬರೆಯುವುದು ಅದನ್ನು ತಪ್ಪಿಸಲಿಕ್ಕೇ. ಮೂರು ವರ್ಷ ಅಂತ ಸುಮ್ನೆ ಛಾಪಾ ಕಾಗದದ ಮೇಲೆ ಬರೆದು ನೋಟರಿ ಸೀಲು ಹಾಕಿಸಿದರೆ, ನಾಳೆ ತಕರಾರು ಬಂದಾಗ ಆ ಮೂರು ವರ್ಷಕ್ಕೆ ಬೆಲೆ ಸಿಗುವುದು ಕಷ್ಟ. ತಿಂಗಳು ತಿಂಗಳಿನ ಬಾಡಿಗೆ ಅಂತಲೇ ನೋಡುತ್ತಾರೆ. ಅವರಿಗೆ ನಾನು ಕೊಟ್ಟ ಮಾತೂ, ನನಗೆ ಅವರು ಕೊಟ್ಟ ಮಾತೂ ಎರಡೂ ಗಾಳಿಗೆ. ಹಾಗಾಗಿ ನೋಂದಣಿ ಮಾಡಿಸಿದೆವು, ಖರ್ಚು ಅರ್ಧರ್ಧ. ಪತ್ರ ಬರಹಗಾರರು ‘ಲೀಸ್ ಡೀಡ್’ ಅಂದಾಗ ಮೇಷ್ಟ್ರು ಒಂದು ಕ್ಷಣ ಗಾಬರಿಯಾದರು. ನಮ್ಮ ಕಡೆ ಲೀಸ್ ಅಂದರೆ ಭೋಗ್ಯ ತಾನೇ, ಲಕ್ಷಗಟ್ಟಲೆ ಒಟ್ಟಿಗೆ ಕೊಡಬೇಕೇನೋ ಅಂದುಕೊಂಡಿದ್ದರು.

ಒಪ್ಪಿಗೆಗೆ ಸಹಿ ಹಾಕಿ ಪತ್ರದ ಒಂದು ಪ್ರತಿ ವಾಪಸ್ ಕೊಟ್ಟರಲ್ಲ, ಅದನ್ನು ತೆರೆದು ನೋಡಿದೆ. ನಾನು ‘ದುರಸ್ಥಿ’ ಅಂತ ಬರೆದಿದ್ದ ಕಡೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ದುರಸ್ತಿ’ ಅಂತ ತಿದ್ದಿದ್ದರು.