ಭಂಗಿ ಬಂತು, ಮೈಕಟ್ಟು ಬದಲಾಯಿತು: ಕಂಟ್ರೋಲ್‌ನೆಟ್ ಅಸ್ಥಿಪಂಜರ ಸರಿಪಡಿಸಿದ್ದು

ಗುಜ್ಜಾದ, ಗಟ್ಟಿ ಮೈಕಟ್ಟಿನ ಗೆಳೆಯನೊಬ್ಬನನ್ನು ಎಐ ರಚಿಸುವ ಚಿತ್ರದಲ್ಲಿ ವೇಗದ ಬೌಲರ್‌ನ ಭಂಗಿಯಲ್ಲಿ ನಿಲ್ಲಿಸಬೇಕಿತ್ತು. ಅವನ ಫೋಟೊದಿಂದ ಚಹರೆ ತರಲು ಐಪಿ-ಅಡಾಪ್ಟರ್; ಭಂಗಿಗೆ, ಒಬ್ಬ ಬೌಲರ್‌ನ ಬೌಲಿಂಗ್ ಚಿತ್ರದಿಂದ ಕೀಲು-ಮೂಳೆಗಳ ಗೆರೆಚಿತ್ರ ತೆಗೆದು ಅದರಂತೆ ಹೊಸ ಚಿತ್ರ ಬರೆಸುವ ಓಪನ್‌ಪೋಸ್ ಕಂಟ್ರೋಲ್‌ನೆಟ್. ಮುಖ ಅವನದೇ ಬಂತು, ಕಾಲುಗಳು ಮಾತ್ರ ಆರಡಿ ಬೌಲರ್‌ನವು!

ಕಾರಣ ಸರಳ. ಓಪನ್‌ಪೋಸ್‌ನ ಆ ಗೆರೆಚಿತ್ರ, ಅಂದರೆ ಅಸ್ಥಿಪಂಜರ, ಕೀಲುಗಳ ಕೋನದ ಜೊತೆಗೆ ಮೂಳೆಗಳ ಉದ್ದವನ್ನೂ ಹೊತ್ತು ತರುತ್ತದೆ. ಕಂಟ್ರೋಲ್‌ನೆಟ್‌ನ ಪ್ರಭಾವ ಎಷ್ಟಿರಬೇಕೆಂದು ಹೇಳುವ ತೂಕವನ್ನು 1ರಿಂದ 0.6ಕ್ಕೆ ಇಳಿಸಿದಾಗ ಕಾಲು ತುಸು ಗಿಡ್ಡವಾಯಿತು, ಆದರೆ ಎತ್ತಿದ ತೋಳು ಜೋತುಬಿತ್ತು.

ಹಾಗಾಗಿ ಅಸ್ಥಿಪಂಜರವನ್ನೇ ತಿದ್ದಿದೆ. ಇಬ್ಬರೂ ನೇರವಾಗಿ ನಿಂತ ಚಿತ್ರಗಳಲ್ಲಿ ಕುತ್ತಿಗೆಯಿಂದ ಸೊಂಟದವರೆಗಿನ ಉದ್ದಕ್ಕೆ ತೊಡೆ, ಮೊಣಕಾಲಿನ ಕೆಳಭಾಗ, ತೋಳುಗಳು ಎಷ್ಟು ಪಾಲು ಎಂದು ಅಳೆದೆ. ಗೆಳೆಯನ ತೊಡೆಯ ಪಾಲು ಬೌಲರ್‌ನದರ 0.85ರಷ್ಟಿತ್ತು. ಬೌಲಿಂಗ್ ಚಿತ್ರದ ಅಸ್ಥಿಪಂಜರದಲ್ಲಿ ಸೊಂಟದಿಂದ ಮೊಣಕಾಲಿಗಿರುವ ಗೆರೆಯನ್ನು, ದಿಕ್ಕು ಬದಲಿಸದೆ, 0.85ರಿಂದ ಗುಣಿಸಿದೆ, ಪಾದದ ಬಿಂದುವನ್ನು ಹೊಸ ಮೊಣಕಾಲಿನಿಂದ ಲೆಕ್ಕಹಾಕಿದೆ. ಬೌಲಿಂಗ್ ಚಿತ್ರದಲ್ಲೇ ಅಳೆಯುವುದು ಸಲ್ಲದು: ಕ್ಯಾಮೆರಾದತ್ತ ಚಾಚಿದ ಕಾಲು ಚಿತ್ರದಲ್ಲಿ ಮೊದಲೇ ಮೊಟಕಾಗಿರುತ್ತದೆ. ಕಾಲು ಗಿಡ್ಡವಾದಂತೆ ಪಾದ ನೆಲ ಬಿಟ್ಟಿತು; ಇಡೀ ಅಸ್ಥಿಪಂಜರವನ್ನು ಕೆಳಕ್ಕೆ ಸರಿಸಿದೆ.

ತಿದ್ದಿದ ಅಸ್ಥಿಪಂಜರದ ಚಿತ್ರವನ್ನು ಕೊಡುವಾಗ, ಫೋಟೊದಿಂದ ಅಸ್ಥಿಪಂಜರ ತೆಗೆಯುವ ಪ್ರೀಪ್ರೊಸೆಸರ್ `none` ಇರಲಿ. ಇಲ್ಲದಿದ್ದರೆ ಅದು ಆ ಬಣ್ಣದ ಗೆರೆಗಳಲ್ಲಿ ಮನುಷ್ಯನನ್ನು ಹುಡುಕಹೊರಟು, ಬಹುಮಟ್ಟಿಗೆ ಖಾಲಿ ಕಪ್ಪು ಚಿತ್ರವನ್ನು ಮುಂದಕ್ಕೆ ಕಳಿಸುತ್ತದೆ.

ತೂಕ 1ರಲ್ಲೇ ತೋಳು ನೆಟ್ಟಗೆ ಮೇಲೆದ್ದಿತು, ಕಾಲೂ ಅವನದೇ ಅಳತೆಗೆ ಬಂತು. ಹೊಟ್ಟೆಯ ಸುತ್ತಳತೆ ಮಾತ್ರ ಗೆರೆಗಳಲ್ಲಿ ಇರುವುದಿಲ್ಲ; ಅದನ್ನು ಪ್ರಾಂಪ್ಟ್‌ನಲ್ಲಿ ಬರೆಯಬೇಕಾಯಿತು. ಗೆಳೆಯನಿಗೆ ಇದು ಅಷ್ಟೇನೂ ಹಿಡಿಸಲಿಲ್ಲ.