ತೊಗರಿ ರಾಶಿಯ ಲೆಕ್ಕ: ಏಕಮಾನದಿಂದ ಸೂತ್ರವನ್ನು ಪರೀಕ್ಷಿಸುವುದು ಹೇಗೆ?

ಕಲಬುರಗಿ ಜಿಲ್ಲೆಯ ಕಣಗಳಲ್ಲಿ ತೊಗರಿಯನ್ನು ಸುರಿದಾಗ ಅದು ತಾನಾಗಿಯೇ ಶಂಕುವಿನ ಆಕಾರ ಪಡೆಯುತ್ತದೆ. ಹತ್ತನೆಯ ತರಗತಿಯ ಮಕ್ಕಳಿಗೆ ಈ ರಾಶಿಯನ್ನೇ ಕೊಟ್ಟು, ಕಾಳು ಎಷ್ಟಿದೆ ಮತ್ತು ಅದನ್ನು ಮುಚ್ಚಲು ಎಷ್ಟು ತಾಡಪತ್ರಿ ಬೇಕು ಎಂದು ಕೇಳಿದರೆ, ಉತ್ತರಗಳಲ್ಲಿ ಒಂದೇ ಬಗೆಯ ತಪ್ಪು ಮರಳಿ ಮರಳಿ ಬರುತ್ತದೆ. ಕಾಳಿನ ಪ್ರಶ್ನೆಗೆ ವಕ್ರ ಮೇಲ್ಮೈಯ ಸೂತ್ರವಾದ πrl ಬಳಸಿ, ತಾಡಪತ್ರಿಯ ಪ್ರಶ್ನೆಗೆ ಘನಫಲದ ಸೂತ್ರವಾದ (1/3)πr²h ಬಳಸುತ್ತಾರೆ. ಗುಣಾಕಾರ ಮಾತ್ರ ಎಲ್ಲಿಯೂ ತಪ್ಪಿರುವುದಿಲ್ಲ. ಸೂತ್ರವನ್ನು ಬರೆದ ಕೂಡಲೇ ಅದರ ಏಕಮಾನವನ್ನು ನೋಡುವ ಅಭ್ಯಾಸವಿದ್ದರೆ ಈ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಲೆಕ್ಕಕ್ಕೆ ಒಂದು ರಾಶಿಯನ್ನು ತೆಗೆದುಕೊಳ್ಳೋಣ. ಅದರ ಬುಡದ ತ್ರಿಜ್ಯ r = 1.5 ಮೀಟರ್, ನೇರ ಎತ್ತರ h = 0.8 ಮೀಟರ್, ಓರೆ ಎತ್ತರ l = 1.7 ಮೀಟರ್.

ಮೊದಲ ಹಂತದಲ್ಲಿ, ಉದ್ದವನ್ನು ಸೂಚಿಸುವ ಪ್ರತಿ ಅಕ್ಷರದ ತಲೆಯ ಮೇಲೆ ಪೆನ್ಸಿಲಿನಿಂದ ‘ಮೀ’ ಎಂದು ಬರೆಯಿರಿ. π ಎಂಬುದು ಪರಿಧಿ ಮತ್ತು ವ್ಯಾಸಗಳ ಅನುಪಾತವಾದ್ದರಿಂದ ಅದಕ್ಕೆ ಏಕಮಾನವಿಲ್ಲ, 1/3ಕ್ಕೂ ಇಲ್ಲ.

ಎರಡನೆಯ ಹಂತದಲ್ಲಿ, ಗುಣಿಸಿರುವ ‘ಮೀ’ಗಳನ್ನು ಎಣಿಸಿ. ಒಂದಿದ್ದರೆ ಉದ್ದ, ಎರಡಿದ್ದರೆ ವಿಸ್ತೀರ್ಣ, ಮೂರಿದ್ದರೆ ಘನಫಲ. πrlನಲ್ಲಿ ಎರಡಿವೆ, ಆದ್ದರಿಂದ ಅದು ಕಾಳಿನ ಪ್ರಮಾಣವನ್ನು ಎಂದಿಗೂ ಹೇಳಲಾರದು. r²hನಲ್ಲಿ ಮೂರಿವೆ, ಆದ್ದರಿಂದ ಅದು ತಾಡಪತ್ರಿಗೆ ಸಲ್ಲದು.

ಮೂರನೆಯ ಹಂತವು ಕೂಡುವ ಮತ್ತು ಕಳೆಯುವ ಚಿಹ್ನೆಗಳಿಗೆ ಸಂಬಂಧಿಸಿದ್ದು. ಚಿಹ್ನೆಯ ಎರಡೂ ಬದಿಯಲ್ಲಿ ‘ಮೀ’ಗಳ ಸಂಖ್ಯೆ ಒಂದೇ ಆಗಿರಬೇಕು. ಓರೆ ಎತ್ತರಕ್ಕೆ l = √(h² + r) ಎಂದು ಬರೆದವರು ವಿಸ್ತೀರ್ಣಕ್ಕೆ ಉದ್ದವನ್ನು ಕೂಡಿಸಿದ್ದಾರೆ; ಅಂಥ ಮೊತ್ತಕ್ಕೆ ಅರ್ಥವೇ ಇಲ್ಲ. √(h² + r²) ಎಂದಾಗ ಒಳಗೆ ಎರಡೂ ಚದರ ಮೀಟರ್, ವರ್ಗಮೂಲ ತೆಗೆದ ಮೇಲೆ ಮೀಟರ್. ನಮ್ಮ ರಾಶಿಯಲ್ಲಿ 0.64 + 2.25 = 2.89, ಅದರ ವರ್ಗಮೂಲ 1.7.

ಇಲ್ಲಿಯವರೆಗಿನದು ಸುಲಭ. ಮಕ್ಕಳಷ್ಟೇ ಅಲ್ಲದೆ ಕಲಿಸುವವರೂ ಎಡವುವುದು ನಾಲ್ಕನೆಯ ಹಂತದಲ್ಲಿ, ಅಂದರೆ ಸೂತ್ರದೊಳಗೆ ಅಂಕಿಯ ವೇಷದಲ್ಲಿ ಉದ್ದವೊಂದು ಅಡಗಿ ಕುಳಿತಾಗ. ಅದೇ ರಾಶಿಯ ಎತ್ತರವು ತ್ರಿಜ್ಯಕ್ಕಿಂತ 0.7 ಮೀಟರ್ ಕಡಿಮೆ ಇದೆ ಎಂದು ಪ್ರಶ್ನೆಯಲ್ಲಿ ಕೊಟ್ಟಿದ್ದಾರೆ ಎಂದುಕೊಳ್ಳಿ. ಆಗ h = r − 0.7 ಎಂದು ಆದೇಶಿಸಿದರೆ ಘನಫಲದ ಸೂತ್ರವು

(1/3)π(r³ − 0.7r²)

ಎಂದಾಗುತ್ತದೆ. ಮೂರನೆಯ ಹಂತವನ್ನು ಕಣ್ಣುಮುಚ್ಚಿ ಅನ್ವಯಿಸಿದವರಿಗೆ ಇಲ್ಲಿ ಘನಫಲದಿಂದ ವಿಸ್ತೀರ್ಣವನ್ನು ಕಳೆದಂತೆ ಕಾಣುತ್ತದೆ, ಮತ್ತು ಅವರು ಸರಿಯಾದ ಸೂತ್ರಕ್ಕೇ ಗೀಟು ಹೊಡೆಯುತ್ತಾರೆ. ವಾಸ್ತವದಲ್ಲಿ 0.7 ಎಂಬುದು ಬರಿಯ ಸಂಖ್ಯೆಯಲ್ಲ, 0.7 ಮೀಟರ್; ಅದರ ‘ಮೀ’ಯನ್ನೂ ಸೇರಿಸಿ ಎಣಿಸಿದರೆ ಎರಡೂ ಪದಗಳಲ್ಲಿ ಮೂರು ಮೂರು ‘ಮೀ’ಗಳಿವೆ. ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ಘನಫಲದ ಸೂತ್ರದಲ್ಲಿ r = 1.5 ಎಂದು ಮೊದಲೇ ಹಾಕಿಬಿಟ್ಟರೆ 2.355h ಎಂದು ಉಳಿಯುತ್ತದೆ. ಒಂದೇ ಅಕ್ಷರ ಕಾಣುವುದರಿಂದ ಅದು ಉದ್ದದಂತೆ ತೋರುತ್ತದೆ, ಆದರೆ 2.355 ತನ್ನೊಳಗೆ ಚದರ ಮೀಟರನ್ನು ನುಂಗಿಕೊಂಡಿದೆ.

ಯಾವ ಅಂಕಿ ಬರಿಯ ಸಂಖ್ಯೆ, ಯಾವುದು ಅಡಗಿದ ಅಳತೆ ಎಂದು ತಿಳಿಯಲು ಖಚಿತವಾದ ಪರೀಕ್ಷೆಯೊಂದಿದೆ. ಎಲ್ಲ ಅಳತೆಗಳನ್ನೂ ಮೀಟರಿನಿಂದ ಸೆಂಟಿಮೀಟರಿಗೆ ಬದಲಿಸಿದರೆ ಆ ಅಂಕಿ ಬದಲಾಗುತ್ತದೆಯೇ ಎಂದು ಕೇಳಿಕೊಳ್ಳಿ. 1/3 ಬದಲಾಗದು, π ಬದಲಾಗದು. 0.7 ಮಾತ್ರ 70 ಆಗುತ್ತದೆ, ಅಂದರೆ ನೂರು ಪಟ್ಟು. ಆದ್ದರಿಂದ ಅದು ಉದ್ದ. 2.355 ಎಂಬುದು 23550 ಆಗುತ್ತದೆ, ಅಂದರೆ ಹತ್ತು ಸಾವಿರ ಪಟ್ಟು. ಆದ್ದರಿಂದ ಅದು ವಿಸ್ತೀರ್ಣ. ಈ ತೊಡಕೇ ಬೇಡವೆನ್ನುವವರು ಕೊನೆಯ ಸಾಲಿನವರೆಗೂ ಅಕ್ಷರಗಳನ್ನೇ ಉಳಿಸಿಕೊಳ್ಳಬೇಕು: 0.7ರ ಬದಲು d ಎಂದು ಬರೆದು, h = r − d ಎಂದು ಸಾಗಿ, ಪರೀಕ್ಷೆ ಮುಗಿದ ಮೇಲಷ್ಟೇ ಅಂಕಿಗಳನ್ನು ಹಾಕಬೇಕು. ನಾನು ತರಗತಿಯಲ್ಲಿ ಬೇರೆ ರೀತಿಯನ್ನು ಒಪ್ಪುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಮಾರಾಟವಾಗುವ, ಏಕಮಾನಗಳೇ ಇಲ್ಲದ ಸೂತ್ರಪಟ್ಟಿಗಳನ್ನು ಮಕ್ಕಳ ಕೈಗೆ ಕೊಡಬೇಡಿ ಎಂದು ಪೋಷಕರಿಗೆ ಹೇಳುವುದೂ ಇದೇ ಕಾರಣಕ್ಕೆ. ಅವುಗಳಲ್ಲಿ r²h ಮತ್ತು rl ಪಕ್ಕಪಕ್ಕದಲ್ಲಿರುತ್ತವೆ, ಯಾವುದು ಏನನ್ನು ಅಳೆಯುತ್ತದೆ ಎಂಬುದು ಮಾತ್ರ ಇರುವುದಿಲ್ಲ.

ಈ ಪರೀಕ್ಷೆಗೆ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. 1/3 ಬಿಟ್ಟುಹೋದರೆ, ಅಥವಾ hನ ಜಾಗದಲ್ಲಿ l ಬಂದರೆ, ‘ಮೀ’ಗಳ ಎಣಿಕೆ ಬದಲಾಗುವುದಿಲ್ಲವಾದ್ದರಿಂದ ತಪ್ಪು ಕಾಣುವುದಿಲ್ಲ. l ಮತ್ತು hಗಳ ಅದಲುಬದಲನ್ನು ಹಿಡಿಯಲು ರಾಶಿಯನ್ನು ಮನಸ್ಸಿನಲ್ಲಿಯೇ ಪೂರ್ತಿ ತಗ್ಗಿಸಿ, h = 0 ಮಾಡಿ. ಘನಫಲ ಸೊನ್ನೆಯಾಗಲೇಬೇಕು. (1/3)πr²l ಎಂದು ಬರೆದಿದ್ದರೆ, ಆಗ l = r ಆಗುವುದರಿಂದ (1/3)πr³ ಉಳಿದುಬಿಡುತ್ತದೆ; ಎತ್ತರವೇ ಇಲ್ಲದ ರಾಶಿಯಲ್ಲಿ ಕಾಳಿರಲು ಸಾಧ್ಯವಿಲ್ಲ. ಅದೇ ಸ್ಥಿತಿಯಲ್ಲಿ πrl ಎಂಬುದು πr² ಆಗುತ್ತದೆ, ಅಂದರೆ ನೆಲದ ಮೇಲಿನ ವೃತ್ತ; ಮೇಲ್ಮೈಯ ಸೂತ್ರ ಸರಿಯಾಗಿದೆ. 1/3 ಬಿಟ್ಟಿದ್ದರೆ ಉಳಿಯುವ πr²h ಅಷ್ಟೇ ಬುಡ, ಅಷ್ಟೇ ಎತ್ತರವಿರುವ ಸಿಲಿಂಡರಿನ ಘನಫಲ. ಚೂಪಾದ ರಾಶಿಯು ಅದಕ್ಕೆ ಸಮವಾಗಲಾರದು ಎಂಬುದು ನೋಡಿದೊಡನೆ ತಿಳಿಯುತ್ತದೆ.

ಈಗ ಅಂಕಿಗಳನ್ನು ಹಾಕಬಹುದು. πಗೆ 3.14 ತೆಗೆದುಕೊಂಡರೆ ಕಾಳಿನ ಘನಫಲ ಸುಮಾರು 1.88 ಘನ ಮೀಟರ್, ಮೇಲ್ಮೈ ಸುಮಾರು 8 ಚದರ ಮೀಟರ್.

ಅಡಿಗೆ ಪರಿವರ್ತಿಸುವಾಗಲೂ ‘ಮೀ’ಗಳ ಎಣಿಕೆಯೇ ದಾರಿ ತೋರಿಸುತ್ತದೆ. ಒಂದು ಮೀಟರಿಗೆ 3.28 ಅಡಿ, ಎರಡು ‘ಮೀ’ ಇದ್ದಲ್ಲಿ 3.28ರಿಂದ ಎರಡು ಬಾರಿ, ಮೂರು ಇದ್ದಲ್ಲಿ ಮೂರು ಬಾರಿ ಗುಣಿಸಬೇಕು. ಹೀಗೆ ಮೇಲ್ಮೈ ಸುಮಾರು 86 ಚದರ ಅಡಿ, ಘನಫಲ ಸುಮಾರು 66 ಘನ ಅಡಿ. ಒಂದೇ ಬಾರಿ ಗುಣಿಸಿದವರಿಗೆ 26 ಚದರ ಅಡಿ ಬರುತ್ತದೆ, ಆ ಅಳತೆಯ ತಾಡಪತ್ರಿಯಿಂದ ರಾಶಿಯ ಮೂರನೆಯ ಒಂದು ಭಾಗವೂ ಮುಚ್ಚುವುದಿಲ್ಲ.

ಅಂಗಡಿಗೆ ಹೋಗುವ ಮುನ್ನ ಇನ್ನೊಂದು ಲೆಕ್ಕ ಬಾಕಿಯಿದೆ. 86 ಚದರ ಅಡಿ ಎಂಬುದು ರಾಶಿಯ ಮೈಗೆ ಸರಿಯಾಗಿ ಕತ್ತರಿಸಿದ ಹಾಳೆಯ ಅಳತೆ, ಆದರೆ ತಾಡಪತ್ರಿಯು ಚೌಕವಾಗಿ ಬರುತ್ತದೆ ಮತ್ತು ಅದನ್ನು ಕತ್ತರಿಸದೆ, ನಡುಭಾಗವನ್ನು ತುದಿಯ ಮೇಲಿಟ್ಟು, ಸುತ್ತಲೂ ಮಡಿಕೆ ಬೀಳುವಂತೆ ಹೊದಿಸುತ್ತಾರೆ. ತುದಿಯಿಂದ ಬುಡದವರೆಗೆ ಎಲ್ಲ ದಿಕ್ಕಿಗೂ l ಉದ್ದ ಸಿಗಬೇಕಾದ್ದರಿಂದ ಚೌಕದ ಬಾಹು ಕನಿಷ್ಠ 2l ಇರಬೇಕು. ಇದರಲ್ಲಿರುವುದು ಒಂದೇ ‘ಮೀ’, ಆದ್ದರಿಂದ ಇದು ಉದ್ದ: 3.4 ಮೀಟರ್, ಒಂದೇ ಬಾರಿ 3.28ರಿಂದ ಗುಣಿಸಿದರೆ 11 ಅಡಿಗಿಂತ ತುಸು ಹೆಚ್ಚು. ಈ ರಾಶಿಗೆ ಉದ್ದಗಲ 12 ಅಡಿ ಇರುವ ತಾಡಪತ್ರಿಯನ್ನೇ ಕೊಳ್ಳಬೇಕು.