ಅಕ್ಕನ ಬೀಳ್ಕೊಡುಗೆಗೆ ನಾಲ್ಕು ನಿಮಿಷದ ಮಾತು

ನಮ್ಮ ಪಾರ್ಲರ್ ಶಿವಮೊಗ್ಗದಲ್ಲಿದೆ, ಒಂದು ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿ. 1996ರಲ್ಲಿ ಅದು ಶುರುವಾದ ದಿನದಿಂದ ಕೆಲಸ ಮಾಡಿದ ಅಕ್ಕ ಹೋದ ವರ್ಷ ಬಿಟ್ಟರು. ಪಾರ್ಲರಿಗೆ ರಿಟೈರ್‌ಮೆಂಟ್ ವಯಸ್ಸು ಅಂತ ಏನಿಲ್ಲ. ಒಂದು ದಿನ ಕತ್ತು ನೋವಾಗುತ್ತದೆ, ಇನ್ನೊಂದು ದಿನ ದಾರ ಕಾಣಿಸುವುದಿಲ್ಲ, ಆಮೇಲೆ ನಾವೇ ಲೆಕ್ಕ ಹಾಕಿಕೊಳ್ಳಬೇಕು ಅಷ್ಟೇ.

ಬೀಳ್ಕೊಡುಗೆ ಮಂಗಳವಾರ ಇಟ್ಟುಕೊಂಡೆವು, ನಮಗೆ ವಾರದ ರಜೆ ಅವತ್ತು. ಮೇಡಂ ನನ್ನನ್ನು ಕರೆದು "ಮಾತಾಡೋದು ನೀನೇ" ಅಂದರು. ನಾನು ಹದಿನೈದು ವರ್ಷ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡಿದವಳು. ಮದುಮಗಳಿಗೆ ಹೇರ್‌ಸ್ಟೈಲ್ ಮಾಡು ಅಂದರೆ ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ. ಮೈಕ್ ಹಿಡಿದಿದ್ದು ಮಾತ್ರ ಅದೇ ಮೊದಲು.

ಮೊದಲ ಸಲ ಬರೆದಿದ್ದು ಎರಡು ಪುಟ. ತಾಯಿಯಂತೆ, ತಾಳ್ಮೆಯ ಮೂರ್ತಿ, ನಿಸ್ವಾರ್ಥ ಸೇವೆ, ಎಲ್ಲ ಇತ್ತು. ರಾತ್ರಿ ಗಂಡನಿಗೆ ಓದಿ ಹೇಳಿದೆ. ಅವರು ಊಟ ಮಾಡುತ್ತಲೇ, "ಇದನ್ನ ನಮ್ಮ ಹೆಡ್‌ಮಾಸ್ಟರ್ ಬೀಳ್ಕೊಡುಗೆಗೂ ಓದಬಹುದು, ಹೆಸರು ಬದಲಾಯಿಸಿದರೆ ಸಾಕು" ಅಂದರು. ಕೋಪ ಬಂತು. ಆದರೆ ನಿಜ, ಎರಡು ಪುಟದಲ್ಲಿ ದಾರ, ವ್ಯಾಕ್ಸ್, ಕುರ್ಚಿ ಅನ್ನುವ ಪದಗಳೇ ಇರಲಿಲ್ಲ.

ಮಾರನೇ ದಿನದಿಂದ ಬರೆಯುವುದು ಬಿಟ್ಟು ಕೇಳುವುದಕ್ಕೆ ಶುರು ಮಾಡಿದೆ. ಬಂದ ಹಳೇ ಕಸ್ಟಮರ್‌ಗಳಿಗೆಲ್ಲ ಒಂದೇ ಪ್ರಶ್ನೆ: "ಅಕ್ಕ ಮಾಡಿದ್ದರಲ್ಲಿ ನಿಮಗೆ ಕಣ್ಣಿಗೆ ಕಟ್ಟಿದ ಹಾಗೆ ಇರೋದು ಏನು?" 'ಅಕ್ಕ ಹೇಗೆ?' ಅಂತ ಕೇಳಿದರೆ ಎಲ್ಲರೂ "ತುಂಬಾ ಒಳ್ಳೆಯವರು" ಅಂತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. 'ಏನು ಮಾಡಿದರು' ಅಂತ ಕೇಳಿದಾಗ ಕಥೆ ಬರುತ್ತದೆ. ಅಪಾಯಿಂಟ್‌ಮೆಂಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋದೆ. ಹತ್ತು ದಿನಕ್ಕೆ ಇಪ್ಪತ್ತಕ್ಕೂ ಜಾಸ್ತಿ ಸೇರಿದವು.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ ವಿಷಯ. ಬೋರ್ಡಿನ ಮೇಲಿರುವುದು ಮೇಡಂ ಹೆಸರು. ದುಡ್ಡು ಹಾಕಿದ್ದು ಅವರು, ಕೋರ್ಸ್ ಮಾಡಿ ಬಂದಿದ್ದು ಅವರು, ಬಾಡಿಗೆ ಕಟ್ಟಿದ್ದು ಅವರು. ಆದರೆ ಕಟ್ಟಿದವರಲ್ಲಿ ಅಕ್ಕನೂ ಒಬ್ಬರು ಅಂತ ನಮಗೆಲ್ಲ ಗೊತ್ತು. ಮೇಡಂ ಮುಂದೆಯೇ ಕೂತಿರುವಾಗ "ಈ ಪಾರ್ಲರ್ ಕಟ್ಟಿದ್ದು ಅಕ್ಕ" ಅಂದರೆ ಒಬ್ಬರಿಗೆ ಮಾಲೆ ಹಾಕಿ ಇನ್ನೊಬ್ಬರಿಗೆ ಚುಚ್ಚಿದ ಹಾಗೆ. ಹೇಳದೆ ಬಿಟ್ಟರೆ ಮಾತಾಡಿ ಏನು ಪ್ರಯೋಜನ?

ಎರಡು ದಿನ ಒದ್ದಾಡಿ ಕೊನೆಗೆ ಮೇಡಂ ಹತ್ತಿರವೇ ಹೋದೆ. "ಶುರುವಾದಾಗ ಏನೇನಿತ್ತು?" ಅಂತ ಮಾತ್ರ ಕೇಳಿದೆ. ಅವರು ಟವೆಲ್ ಮಡಚುತ್ತಾ ಹೇಳುತ್ತಾ ಹೋದರು. ಒಂದು ಕಟಿಂಗ್ ಶಾಪ್‌ನಿಂದ ತಂದ ಹಳೇ ಕುರ್ಚಿ. ಕನ್ನಡಿ. ಬಾಗಿಲಿಗೆ ಕಟ್ಟಿದ ಹಳೇ ಸೀರೆಯ ಪರದೆ. ಅಕ್ಕ ಮನೆಯಿಂದ ತಂದ ಸೀಮೆಎಣ್ಣೆ ಸ್ಟೋವ್, ವ್ಯಾಕ್ಸ್ ಕಾಯಿಸುವುದಕ್ಕೆ. ಮೊದಲ ಆರು ತಿಂಗಳು ಅಕ್ಕ ಸಂಬಳ ತಗೊಳ್ಳಲಿಲ್ಲ, ಬಸ್ ಚಾರ್ಜ್ ಮಾತ್ರ. ಇಷ್ಟು ಹೇಳಿ ಮೇಡಂ, "ಸಂಬಳದ್ದು ಹೇಳು. ನಾನು ಹೇಳಿದೆ ಅಂತಲೇ ಹೇಳು" ಅಂದರು. ಗಂಟು ಬಿಚ್ಚಿಕೊಂಡಿತು. ಆ ಸಾಲನ್ನು ನಾನು "ಮೇಡಂ ನನಗೆ ಹೇಳಿದರು" ಅಂತಲೇ ಶುರು ಮಾಡಿದೆ. ಅಕ್ಕನಿಗೆ ಸಲ್ಲಬೇಕಾದ್ದು ಮೇಡಂ ಬಾಯಿಂದಲೇ ಬಂದ ಹಾಗಾಯಿತು.

ಸೇರಿಸಿದ್ದರಲ್ಲಿ ಇಟ್ಟುಕೊಂಡಿದ್ದು ಮೂರೇ. ಮೊದಲನೆಯದು ಆ ಆರು ತಿಂಗಳು. ಎರಡನೆಯದು ವ್ಯಾಕ್ಸ್. ಆಗ ಡಬ್ಬಿ ವ್ಯಾಕ್ಸ್ ದುಬಾರಿ, ಅಕ್ಕನೇ ಮಾಡುತ್ತಿದ್ದರು. ಎರಡು ಲೋಟ ಸಕ್ಕರೆ, ಕಾಲು ಲೋಟ ನಿಂಬೆರಸ, ಕಾಲು ಲೋಟ ನೀರು. ಸಣ್ಣ ಉರಿಯಲ್ಲಿ ಜೇನಿನ ಬಣ್ಣ ಬರುವವರೆಗೆ ಕಾಯಿಸಿ, ಒಂದು ಹನಿ ತಣ್ಣೀರಿಗೆ ಬಿಡುವುದು. ಉಂಡೆ ಕಟ್ಟಿದರೆ ಇಳಿಸಬೇಕು. ಎರಡು ನಿಮಿಷ ತಡವಾದರೆ ಕಡಲೆ ಮಿಠಾಯಿ ಪಾಕ ಆಗಿಬಿಡುತ್ತದೆ, ಕೈಗೆ ಹಚ್ಚುವುದಕ್ಕೇ ಬರುವುದಿಲ್ಲ. ಪಟ್ಟಿಗೆ ಹಳೇ ಜೀನ್ಸ್ ಪ್ಯಾಂಟ್ ಕತ್ತರಿಸಿ, ಒಗೆದು, ಮತ್ತೆ ಬಳಸುತ್ತಿದ್ದರು. ಪ್ರತಿ ಸಲ ಮೊದಲು ತನ್ನ ಮಣಿಕಟ್ಟಿನ ಒಳಗೆ ಹಚ್ಚಿ ಬಿಸಿ ನೋಡಿಯೇ ಕಸ್ಟಮರ್ ಕೈ ಮುಟ್ಟುತ್ತಿದ್ದರು. ಈಗ ಹೀಟರ್‌ನಲ್ಲಿ ನಂಬರ್ ಇದೆ, ಆದರೂ ಆ ಅಭ್ಯಾಸ ಹೋಗಲಿಲ್ಲ. ಅವರ ಎಡ ಮಣಿಕಟ್ಟಿನಲ್ಲಿ ಒಂದೂ ಕೂದಲಿಲ್ಲ!

ಮೂರನೆಯದು ದಾರ. ಇದು ನನ್ನ ಪ್ರಕಾರ ಇಡೀ ಮಾತಿನ ಜೀವ. ಅಕ್ಕ ಹುಬ್ಬು ಮಾಡುತ್ತಿದ್ದಿದ್ದು ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿಕೊಂಡು. 2020ರಲ್ಲಿ ಲಾಕ್‌ಡೌನ್ ಮುಗಿದು ಬಾಗಿಲು ತೆಗೆದಾಗ ಬಾಯಿಗೆ ಮಾಸ್ಕ್ ಬಂದಿತ್ತು. ಯಾರೂ ಬಾಯಲ್ಲಿ ಕಚ್ಚಿದ ದಾರವನ್ನು ಮುಖದ ಹತ್ತಿರ ಬಿಡುತ್ತಿರಲಿಲ್ಲ. ದಾರವನ್ನು ಕತ್ತಿಗೆ ಕಟ್ಟಿಕೊಂಡು ಮಾಡಬೇಕಿತ್ತು. ಕೇಳುವುದಕ್ಕೆ ಸುಲಭ. ಆದರೆ ಹಲ್ಲಲ್ಲಿದ್ದಾಗ ದಾರ ಬಿಗಿ ಮಾಡುವುದು, ಸಡಿಲ ಬಿಡುವುದು ತಲೆಯ ಸಣ್ಣ ಅಲುಗಾಟದಿಂದಲೇ ಆಗುತ್ತದೆ. ಕತ್ತಿಗೆ ಕಟ್ಟಿದರೆ ಆ ಕೆಲಸವೂ ಬೆರಳಿನ ಪಾಲಿಗೆ ಬರುತ್ತದೆ. ಬಿಗಿ ಸರಿ ಇಲ್ಲದಿದ್ದರೆ ಕೂದಲು ಬುಡದಿಂದ ಬರುವುದಿಲ್ಲ, ನಡುವೆ ತುಂಡಾಗುತ್ತದೆ, ಇಲ್ಲವೇ ಚರ್ಮ ಸಿಕ್ಕಿಕೊಂಡು ಗೀರುತ್ತದೆ. ಇಪ್ಪತ್ನಾಲ್ಕು ವರ್ಷ ಒಂದು ರೀತಿ ಕಲಿತ ಕೈ ಅದು.

ಲಾಕ್‌ಡೌನಲ್ಲಿ ಅಕ್ಕ ಏನು ಮಾಡುತ್ತಿದ್ದರು ಅಂತ ಅವರ ಮಗಳು ನನಗೆ ಹೇಳಿದಳು. ಮಧ್ಯಾಹ್ನ ಊಟ ಆದ ಮೇಲೆ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಕೂತು, ಕತ್ತಿಗೆ ದಾರ ಕಟ್ಟಿಕೊಂಡು, ಸೀರೆ ಮೊಣಕಾಲವರೆಗೆ ಎತ್ತಿ, ತನ್ನ ಕಾಲಿನ ಕೂದಲು ತೆಗೆದು ಅಭ್ಯಾಸ ಮಾಡುತ್ತಿದ್ದರಂತೆ. ಹೊಸದಾಗಿ ಕಲಿಯುವ ಹುಡುಗಿಯರು ಹಾಗೇ ಮಾಡುವುದು, ನಾನೂ ಮಾಡಿದ್ದೇನೆ. ಅಕ್ಕನಿಗೆ ಆಗ ಐವತ್ನಾಲ್ಕು. ತನ್ನ ಎರಡೂ ಕಾಲು ಮುಗಿದ ಮೇಲೆ ಗಂಡನ ಕೈ ಹಿಡಿದರಂತೆ.

ಬಿಟ್ಟಿದ್ದರ ಬಗ್ಗೆಯೂ ಹೇಳಬೇಕು. ಮದುವೆ ದಿನ ಬೆಳಗಿನ ಜಾವ ಮೇಕಪ್‌ಗೆ ಕೂತ ಹುಡುಗಿಯೊಬ್ಬಳು ಅಕ್ಕನ ಹತ್ತಿರ ಏನೋ ಹೇಳಿಕೊಂಡು ಅತ್ತ ಒಂದು ಘಟನೆ ನನಗೆ ಗೊತ್ತು. ಅಕ್ಕ ನಡೆದುಕೊಂಡ ರೀತಿ ಹೇಳಿದ್ದರೆ ಎಲ್ಲರ ಕಣ್ಣಲ್ಲೂ ನೀರು ಬರುತ್ತಿತ್ತು. ಆದರೆ ನಮ್ಮದು ದೊಡ್ಡ ಊರೇನಲ್ಲ. ಹೆಸರು ಹೇಳದಿದ್ದರೂ ವರ್ಷ, ಛತ್ರ ಹಿಡಿದು ಯಾರು ಅಂತ ಗುರುತಿಸಿಬಿಡುತ್ತಾರೆ. ಕುರ್ಚಿ ಮೇಲೆ ಕೇಳಿದ್ದು ಅಲ್ಲೇ ಇರಬೇಕು ಅಂತ ನನಗೆ ಕಲಿಸಿದ್ದೇ ಅಕ್ಕ. ಹೊಡೆದುಹಾಕಿದೆ. ಅವರ ಕಣ್ಣಿನ ವಿಷಯವನ್ನೂ ತೆಗೆದೆ. ಚಾಳೀಸು ಬಂದು, ಬಗ್ಗಿದಾಗ ಕನ್ನಡಕ ಜಾರಿ, ಕೊನೆಯ ವರ್ಷ ಹುಬ್ಬಿನ ಕೆಲಸವನ್ನು ಅವರೇ ನಮಗೆ ಬಿಟ್ಟುಕೊಟ್ಟಿದ್ದರು. ಅದು ಅವರು ಹೇಳಬಹುದಾದ ಮಾತು, ನಾನಲ್ಲ. ಕವರ್‌ನಲ್ಲಿ ಎಷ್ಟು ದುಡ್ಡು ಸೇರಿತು ಅನ್ನುವುದೂ ಬೇಡ ಅಂದುಕೊಂಡೆ. (ನಮ್ಮದು ಐದು ಜನರ ಪಾರ್ಲರ್. ಹತ್ತು ಜನಕ್ಕಿಂತ ಕಡಿಮೆ ಇದ್ದರೆ ಗ್ರ್ಯಾಚುಟಿ ಕಾನೂನು ಬರುವುದಿಲ್ಲ. ಅದಕ್ಕೇ ಕಸ್ಟಮರ್‌ಗಳೆಲ್ಲ ಸೇರಿ ಕೊಟ್ಟಿದ್ದು.)

ಉಳಿದಿದ್ದನ್ನು ಹೊಸದಾಗಿ ಸೇರಿದ ಹುಡುಗಿಯ ಮುಂದೆ ಓದಿದೆ. ಏಳು ನಿಮಿಷ ಆಯಿತು. ಅವಳು ಎರಡು ಸಲ ಫೋನ್ ನೋಡಿದಳು. ಆ ಎರಡು ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು, ಆಮೇಲೆ ಅಲ್ಲೇ ಕತ್ತರಿಸಿದೆ. ಎರಡೂ ಕಡೆ ನಾನು ನನ್ನ ಬಗ್ಗೆಯೇ ಮಾತಾಡುತ್ತಿದ್ದೆ, 'ನಾನು ಬಂದ ಹೊಸದರಲ್ಲಿ' ಅಂತ. ಬರೆದ ಭಾಷೆಯನ್ನೂ ಬದಲಾಯಿಸಿದೆ. 'ಅವರು ಆಗಮಿಸಿದಾಗ' ಅಂತ ಓದಿದರೆ ನನ್ನ ನಾಲಿಗೆಯೇ ತೊಡರುತ್ತಿತ್ತು. ಮಾತಾಡುವ ಹಾಗೇ ಬರೆದು, ನಾಲ್ಕು ನಿಮಿಷಕ್ಕೆ ಇಳಿಸಿ, ದೊಡ್ಡ ಅಕ್ಷರದಲ್ಲಿ ಒಂದೇ ಹಾಳೆಗೆ ತಂದೆ. ಫೋನ್ ನೋಡಿ ಓದುವುದು ಬೇಡ ಅಂತ ಮೊದಲೇ ನಿರ್ಧರಿಸಿದ್ದೆ. ನಡುವೆ ಯಾರದಾದರೂ ಕಾಲ್ ಬಂದರೆ?

ಅವತ್ತು ಬೆಳಗ್ಗೆ ಅದೇ ಹುಡುಗಿ ನನ್ನ ಹುಬ್ಬು ಮಾಡಿದಳು. ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, ಮುಂದಿನ ಸಾಲಲ್ಲಿ ಅಕ್ಕನನ್ನೂ ಮೇಡಂನೂ ಕೂರಿಸಿದೆವು. 'ವೇದಿಕೆಯ ಮೇಲೆ ಆಸೀನರಾಗಿರುವ' ಅಂತ ಶುರು ಮಾಡುವುದಕ್ಕೆ ವೇದಿಕೆಯೇ ಇರಲಿಲ್ಲ. ನಾನು ಹೀಗೆ ಶುರು ಮಾಡಿದೆ:

"ಅಕ್ಕನ ಕೈಯಲ್ಲಿ ಇಲ್ಲಿವರೆಗೂ ಹುಬ್ಬು ಮಾಡಿಸಿಕೊಳ್ಳದೇ ಇರೋರು ಈ ರೂಮಲ್ಲಿ ಯಾರಿದ್ದೀರಿ, ಕೈ ಎತ್ತಿ."

ಫೋಟೋ ತೆಗೆಯುತ್ತಿದ್ದ ಹುಡುಗ ಮತ್ತು ಮೇಡಂ ಯಜಮಾನರು ಎತ್ತಿದರು. ಎಲ್ಲರೂ ನಕ್ಕರು. ನನ್ನ ಕಾಲಿನ ನಡುಕ ಅಲ್ಲಿಗೆ ನಿಂತಿತು.

ಆಮೇಲೆ "ಒಂದು ಹಳೇ ಕುರ್ಚಿ, ಎರಡು ಕನ್ನಡಿ" ಅಂದೆ. ಅಕ್ಕ ಕೂತಲ್ಲಿಂದಲೇ, "ಎರಡಲ್ಲ, ಒಂದೇ. ಇನ್ನೊಂದು ಆಮೇಲೆ ಬಂದಿದ್ದು, ಮೇಡಂ ಮನೆ ಬೀರುವಿನ ಕನ್ನಡಿ ಬಿಚ್ಚಿ ತಂದಿದ್ದು" ಅಂದರು. ಮೇಡಂ "ಹೌದಲ್ವಾ!" ಅಂತ ಕೆನ್ನೆಗೆ ಕೈ ಇಟ್ಟುಕೊಂಡರು. ನನ್ನ ಹಾಳೆಯಲ್ಲಿ ಇಲ್ಲದ ಈ ಮಾತು ಇಬ್ಬರನ್ನೂ 1996ಕ್ಕೆ ಕರೆದುಕೊಂಡು ಹೋಯಿತು. ಹಿಂದಿನ ಸಾಲಿನವರು ಇನ್ನೇನೋ ಸೇರಿಸಿದರು. ಅವರು ಮಾತು ನಿಲ್ಲಿಸುವವರೆಗೆ ನಾನು ಸುಮ್ನೆ ನಿಂತಿದ್ದೆ. ನಾಲ್ಕು ನಿಮಿಷದ್ದು ಹತ್ತು ನಿಮಿಷ ಆಯಿತು, ಆದರೆ ಹೆಚ್ಚಾದ ಆರು ನಿಮಿಷ ನನ್ನದಲ್ಲ.

ಮೆಟ್ಟಿಲ ಮೇಲೆ ಕೂತು ಕಾಲಿನ ಮೇಲೆ ಅಭ್ಯಾಸ ಮಾಡಿದ್ದನ್ನು ಹೇಳುವಾಗ ಗಂಟಲು ಕಟ್ಟಿತು. ಆ ಸಾಲು ಬಂದಾಗ ಹಾಳೆ ನೋಡಿ ಓದಿಬಿಡು ಅಂತ ಮನಸ್ಸಿಗೆ ಹೇಳಿಕೊಂಡಿದ್ದೆ, ಹಾಗೇ ಮಾಡಿದೆ. ಓದಿ ತಲೆ ಎತ್ತಿದರೆ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು, ಕಣ್ಣು ಮಿಟುಕಿಸದೆ. ಅವರಿಗೆ ಮಾತು ತಟ್ಟಿತು ಅಂದುಕೊಂಡು ಉಳಿದದ್ದನ್ನು ಮುಗಿಸಿದೆ.

ಹಾರ, ಸೀರೆ, ಫೋಟೋ ಎಲ್ಲ ಆಯಿತು. ಖಾರ, ಜಾಮೂನಿನ ತಟ್ಟೆ ಹಿಡಿದುಕೊಂಡು ಅಕ್ಕನ ಹತ್ತಿರ ಹೋದೆ. "ಚೆನ್ನಾಗಿತ್ತಾ ಅಕ್ಕ?" ಅಂದೆ. ಅವರು ತಲೆ ಹಿಂದಕ್ಕೆ ಸರಿಸಿ, ಚಾಳೀಸು ಇರುವವರು ನೋಡುವ ಹಾಗೆ ದೂರದಿಂದ ನನ್ನ ಹಣೆ ನೋಡಿದರು.

"ನಿನ್ನ ಎಡಗಡೆ ಹುಬ್ಬು ಯಾರೇ ಮಾಡಿದ್ದು? ಆವಾಗಿಂದ ನೋಡ್ತಾ ಇದ್ದೀನಿ."